ಹೊಳಪಿಲ್ಲದ ಚಿತ್ರಗಳು

ನಾನೂ ನನ್ನ ಕಾಲೇಜು ಗೆಳತಿಯೂ ಸೇರಿ ಬಸವನಗುಡಿಯಲ್ಲಿ ಒಳಾಂಗಣ ವಿನ್ಯಾಸದ ಪುಟ್ಟ ಕಚೇರಿ ನಡೆಸುತ್ತೇವೆ. ಕಳೆದ ವರ್ಷ ಚಾಮರಾಜಪೇಟೆಯ ದಂತವೈದ್ಯೆಯೊಬ್ಬರು ತಮ್ಮಲ್ಲಿ ರೋಗಿಗಳು ಕಾಯುವ ಕೋಣೆಯನ್ನು ಹೊಸದಾಗಿ ಮಾಡಿಕೊಡಿ ಎಂದರು. "ಒಳಗೆ ಬರ್ತಿದ್ದ ಹಾಗೇ ಜನ ಹೆದರ್ಕೋತಾರೆ. ಅದು ಕಮ್ಮಿ ಆದ್ರೆ ಸಾಕು" ಎನ್ನುವುದಷ್ಟೇ ಅವರ ಬೇಡಿಕೆ.

ನಕ್ಷೆಗೆ ಕೈ ಹಾಕುವ ಮೊದಲು ನಾವು ಮೂಡ್‌ಬೋರ್ಡ್ ಮಾಡುತ್ತೇವೆ. ಕೋಣೆ ಯಾವ ಭಾವ ಕೊಡಬೇಕೋ ಅದನ್ನು ಹೇಳುವ ಚಿತ್ರಗಳನ್ನು ಒಂದೇ ಹಲಗೆಗೆ ಚುಚ್ಚಿಡುವುದು. ಈ ಸಲ ಚಿತ್ರ ಆರಿಸಿದವಳು ನಾನು. ಹಳೇ ಬಂಗಲೆಯ ಜಗಲಿ, ಕೆತ್ತನೆಯ ಕಂಬ, ಮಿರುಗುವ ಹಿತ್ತಾಳೆ ದೀಪ, ಬಿಳೀ ಅಮೃತಶಿಲೆಯ ನೆಲ, ಸುಣ್ಣದ ಗೋಡೆಯ ಪಕ್ಕ ಒಂದು ಬೆಂಚು, ಹೀಗೆ ಹತ್ತು ಹದಿನೈದು. ನನಗೆ ಎಲ್ಲವೂ ಇಷ್ಟ.

ಗೆಳತಿ ಬಹಳ ಹೊತ್ತು ನೋಡಿದಳು.

"ಒಂದೊಂದೂ ಚೆನ್ನಾಗಿದೆ ಕಣೇ. ಆದ್ರೆ ಒಟ್ಟಿಗೆ ಏನು ಹೇಳ್ತಿವೆ?"

"ಹಳೇದು, ಹೊಸದು ಎರಡೂ ಸೇರಿ ಒಂಥರಾ ಮನೆ ಹಾಗೆ."

"ಅವರು ಮನೆ ಕೇಳಿಲ್ಲ. ಭಯ ಕಮ್ಮಿ ಮಾಡಿ ಅಂದಿದಾರೆ."

ಚಿತ್ರಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಹರಡಿದೆವು. ನಾನು ಹಳೇದು ಒಂದು ಕಡೆ, ಹೊಸದು ಒಂದು ಕಡೆ ಇಡತೊಡಗಿದೆ. ಅವಳು ತಡೆದಳು. "ಏನಿದೆ ಅಂತ ನೋಡ್ಬೇಡ. ಬೆಳಕು ಹೇಗೆ ಬಿದ್ದಿದೆ ನೋಡು."

ಆಗ ಗುಂಪುಗಳು ಬೇರೆಯೇ ಆದವು. ಜಗಲಿಯೂ ಸುಣ್ಣದ ಗೋಡೆಯೂ ಜೊತೆಯಾದವು. ಎರಡರಲ್ಲೂ ಬೆಳಕು ಪಕ್ಕದಿಂದ ಮೆತ್ತಗೆ ಬರುತ್ತಿತ್ತು, ಕೂರುವ ಜಾಗ ತಗ್ಗಿನಲ್ಲಿತ್ತು, ಯಾವುದೂ ಹೊಳೆಯುತ್ತಿರಲಿಲ್ಲ. ಹಿತ್ತಾಳೆ ದೀಪ ಅಮೃತಶಿಲೆಯ ಪಕ್ಕಕ್ಕೆ ಹೋಯಿತು. ಎರಡೂ ಕಣ್ಣು ಕುಕ್ಕುತ್ತಿದ್ದವು. ಆ ಬಿಳೀ ನೆಲವಂತೂ ಆಸ್ಪತ್ರೆಯನ್ನೇ ನೆನಪಿಸುತ್ತಿತ್ತು. ಕಂಬದ ಚಿತ್ರ ನನ್ನ ಕೈಯಲ್ಲೇ ಉಳಿಯಿತು.

"ಇದು?" ಎಂದಳು.

"ಇದು ನನ್ನಾಸೆ ಅಷ್ಟೇ" ಎಂದು ಡ್ರಾಯರಿಗೆ ಹಾಕಿದೆ. ಸ್ವಲ್ಪ ಬೇಸರವಾಯಿತು, ಸುಳ್ಳೇಕೆ. ಆದರೆ ಹೊಳೆಯುವವನ್ನೂ ತೆಗೆದಿಟ್ಟು, ಉಳಿದ ಏಳೆಂಟು ಚಿತ್ರಗಳನ್ನು ಮತ್ತೆ ಹಲಗೆಗೆ ಚುಚ್ಚಿ ದೂರ ನಿಂತಾಗ ಅವು ಒಂದೇ ಕೋಣೆಯ ಬೇರೆ ಬೇರೆ ಮೂಲೆಗಳಂತೆ ಕಂಡವು. ಬೇಸರ ಅಲ್ಲಿಗೇ ಹೋಯಿತು.

ಡಾಕ್ಟರು ಬಂದು ನೋಡಿದರು. "ಇಲ್ಲಿ ಯಾರೂ ಅವಸರ ಮಾಡಲ್ಲ ಅನ್ಸುತ್ತೆ" ಎಂದರು. ನಾವು ಏನನ್ನೂ ವಿವರಿಸಿರಲಿಲ್ಲ.

ಮುಂದಿನ ವಾರ ನಾವಿಬ್ಬರೂ ನೆಲಕ್ಕೆ ಕಲ್ಲು ನೋಡಲು ಹೋದೆವು. ಅಂಗಡಿಯವರು ಮುಖ ಕಾಣುವಷ್ಟು ಪಾಲಿಶ್ ಆದದ್ದನ್ನು ಮುಂದಿಟ್ಟರು. "ಇದೇ ಈಗ ಜಾಸ್ತಿ ಹೋಗ್ತಿರೋದು ಮೇಡಂ."

"ಇದು ಬೇಡ, ಪಾಲಿಶ್ ಮಾಡ್ದೇ ಇರೋದು ತೋರ್ಸಿ" ಎಂದೆ. ಗೆಳತಿ ಆಗಲೇ ಮೂಲೆಯಲ್ಲಿದ್ದ ಒರಟು ಕಡಪಾ ಕಲ್ಲಿನ ಮೇಲೆ ಕೈಯಾಡಿಸುತ್ತಿದ್ದಳು.