ಬಲಪುಟದ ಕೆಳಗಿನ ಪ್ರಶ್ನೆ

ಆಗುವುದಿಲ್ಲ ಎಂದವನು ನನ್ನ ದೊಡ್ಡಪ್ಪ. ಅಪ್ಪ ಸತ್ತ ಮೇಲೆ ನನ್ನನ್ನೂ ಅವ್ವನನ್ನೂ ಸಾಕಿದವನು ಅವನೇ. ದೇವದುರ್ಗದಲ್ಲಿ ಕಲ್ಲು ಒಡೆಯುತ್ತಿದ್ದ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಹೊಲಕ್ಕೆ ಬರುವುದಿಲ್ಲ, ಶಾಲೆಗೆ ಹೋಗುತ್ತೇನೆ ಅಂದೆ. "ನಮ್ಮ ಕೇರಿ ಹುಡುಗಿ ಸರ್ಟಿಫಿಕೇಟ್ ತರೂದು ಅಂದ್ರ ಕ್ವಾಣ ಈದಂಗ ಬೇ" ಎಂದು ನಾನು ಬರೆಯುವ ಪಾಟಿಯನ್ನು ನೆಲಕ್ಕೆ ಹಾಕಿ ಸುತ್ತಿಗೆ ಬೀಸಿದ. ಪಾಟಿ ಬಿಡಿಸಿಕೊಳ್ಳಲು ನಾನು ಕೈ ಚಾಚಿದ್ದೆ. ಪಾಟಿಯೂ ಒಡೆಯಿತು, ನನ್ನ ಎಡಗೈ ಕಿರುಬೆರಳೂ ಒಡೆಯಿತು. ಬೆರಳು ಸೊಟ್ಟಾಗಿಯೇ ಕೂಡಿಕೊಂಡಿತು.

ಆ ಸೊಟ್ಟ ಬೆರಳು ಹೊತ್ತೇ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಮೇಲೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ರಾಯಚೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಗೆ ಸೇರಿದೆ.

ಕೊನೆಯ ಪ್ರಾಯೋಗಿಕ ಕೆಲಸವೆಂದು ಕನ್ನಡ ಉಪನ್ಯಾಸಕರು ಒಬ್ಬೊಬ್ಬರಿಗೂ ಒಂದೊಂದು ಹಸ್ತಪ್ರತಿ ಕೊಟ್ಟರು. ಸುತ್ತಲಿನ ಮಾಸ್ತರರು ಬರೆದ, ಇನ್ನೂ ಅಚ್ಚಾಗದ ಚಿತ್ರಪುಸ್ತಕಗಳು. ಹದಿನಾರು ಪುಟ, ಕೈಯಲ್ಲೇ ಹೊಲಿದದ್ದು. ಎರಡನೇ ಇಯತ್ತೆಯ ಮಕ್ಕಳ ಮುಂದೆ ಓದಿ ಮೂರು ಸಂಗತಿ ಬರೆಯಬೇಕು. ಗಟ್ಟಿಯಾಗಿ ಓದುವಾಗ ಲಯ ಎಲ್ಲಿ ಮುರಿಯಿತು? ಯಾವ ಮಾತು ಮಕ್ಕಳಿಗೆ ತಿಳಿಯಲಿಲ್ಲ? ಹಾಳೆ ತಿರುವಿದಾಗ ಅವರು ಏನು ಮಾಡಿದರು? "ಛಲೋ ಅದ ಅಂತ ಬರೀಬ್ಯಾಡವ್ವಾ," ಅಂದರು ಉಪನ್ಯಾಸಕರು, "ಎಷ್ಟು ಮಂದಿ ಕೂಗಿದ್ರು, ಎಲ್ಲಿ ಕೂಗಿದ್ರು, ಅದನ್ನ ಬರಿ." ವರದಿಗೆ ಆ ಶಾಲೆಯ ಹೆಡ್‌ಮಾಸ್ತರರ ಸಹಿ ಬೇಕು. ಸಹಿ ಇಲ್ಲದಿದ್ದರೆ ಅಂಕ ಇಲ್ಲ, ಅಂಕ ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ.

ನನಗೆ ಮಾನ್ವಿ ತಾಲ್ಲೂಕಿನ ಪೋತ್ನಾಳದ ಕಡೆಯ ಒಂದು ಶಾಲೆ ಬಂತು. ಪುಸ್ತಕ ಬರೆದವರು ಅಲ್ಲಿಯ ಹೆಡ್‌ಮಾಸ್ತರರೇ.

ಹಿಂದಿನ ದಿನ ಹಾಸ್ಟೆಲಿನಲ್ಲಿ ನಾನು ಅದನ್ನು ಐದು ಸಲ ಗಟ್ಟಿಯಾಗಿ ಓದಿದ್ದೆ. ಒಂದು ಬುಟ್ಟಿ ತಾನೇ ಅಲುಗುತ್ತದೆ. ಕೋಳಿ, ಆಡು, ನಾಯಿ ಒಂದೊಂದಾಗಿ ಬಂದು ಹೆದರಿ ಓಡುತ್ತವೆ. ಕೊನೆಗೆ ಒಳಗಿಂದ ಬೆಕ್ಕಿನ ಮರಿ ಬರುತ್ತದೆ. "ಬುಟ್ಟಿ ಬುಟ್ಟಿ ಅಲುಗಿತು, ಒಳಗೆ ಏನೋ ಮಿಸುಕಿತು" ಎಂಬ ಸಾಲು ಕಾಲಲ್ಲಿ ತಾಳ ಹಾಕಿಸುವಂತಿತ್ತು. ಅದರ ಬೆನ್ನಿಗೇ "ಅದನ್ನು ಕಂಡ ಅಜವು ಭಯಭೀತವಾಗಿ ಪಲಾಯನಗೈದಿತು" ಎಂದು ಬಂದು ಐದು ಸಲವೂ ನನ್ನ ಉಸಿರು ಅಲ್ಲೇ ಕಡಿಯಿತು. "ಒಳಗೆ ಯಾರು?" ಎಂಬ ಪ್ರಶ್ನೆ ಎಡಪುಟದಲ್ಲಿತ್ತು, ಬೆಕ್ಕಿನ ಮರಿಯ ಚಿತ್ರ ಎದುರಿಗೇ ಬಲಪುಟದಲ್ಲಿತ್ತು. ಪ್ರಶ್ನೆ ಓದುವುದಕ್ಕೆ ಮೊದಲೇ ಉತ್ತರ ಕಣ್ಣಿಗೆ ಬೀಳುತ್ತಿತ್ತು.

ತರಗತಿಯಲ್ಲಿ ಹೆಡ್‌ಮಾಸ್ತರರು ಬೆತ್ತ ಹಿಡಿದು ಗೋಡೆಗೆ ಒರಗಿ ನಿಂತರು. ನಾನು ಓದತೊಡಗಿದೆ. ಬುಟ್ಟಿಯ ಸಾಲು ಎರಡನೇ ಸಲ ಬಂದಾಗ ಮುಂದೆ ಕೂತಿದ್ದ ಹುಡುಗಿಯೊಬ್ಬಳು ನನ್ನ ಜೊತೆ ದನಿಗೂಡಿಸಿದಳು. ಕೊನೆಯ ಹಾಳೆ ತೆರೆದ ಕೂಡಲೇ, ನಾನು ಪ್ರಶ್ನೆ ಓದುವ ಮೊದಲೇ, "ಬೆಕ್ಕಿನ ಮರಿ!" ಎಂದು ಚೀರಿದಳು.

ಬೆತ್ತ ಸುಂಯ್ ಎಂದಿತು. "ಅಕ್ಕೋರು ಓದಾಕತ್ತಾಗ ಬಾಯಿ ಹಾಕ್ತೀಯೇನಲೇ? ಚಾಚು ಕೈ!" ಒಂದು ಕೈಗೆ ಆರು, ಇನ್ನೊಂದಕ್ಕೆ ಆರು. ಕೊನೆಯದಕ್ಕೆ ಚರ್ಮ ಒಡೆಯಿತು. ಅವಳು ಅಳಲಿಲ್ಲ, ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕುಕ್ಕರಿಸಿದಳು. ನಾನು ಪುಸ್ತಕ ಹಿಡಿದು ನಿಂತೇ ಇದ್ದೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇನ್ನೊಮ್ಮೆ ಓದಲು ಹೇಳಿದರು. ಒಬ್ಬರೂ ಉಸಿರೆತ್ತಲಿಲ್ಲ.

"ನೋಡ್ರಿ, ಹೆಂಗ ಲಕ್ಷ್ಯ ಕೊಟ್ಟು ಕೇಳಿದ್ರು! ಅತ್ಯುತ್ತಮ ಅಂತ ಬರ್ಕೋರಿ."

"ಇದು ಪುಸ್ತಕದ ಪರೀಕ್ಷಾ ಅಲ್ರೀ ಸರ್, ನಿಮ್ಮ ಬೆತ್ತದ್ದು."

ಅವರ ಮುಖ ಕೆಂಪಾಯಿತು. "ನಿಮ್ಮ ಕೇರ್ಯಾಗ ಪುಸ್ತಕ ಹೊಕ್ಕು ಎಷ್ಟು ದಿನ ಆತವ್ವಾ? ನನಗ ಕಲಿಸಾಕ ಬಂದೀರೇನು?"

ಮಧ್ಯಾಹ್ನ ಮಾತುಗಳ ಪರೀಕ್ಷೆ ಮಾಡಿದೆ. ಒಬ್ಬೊಬ್ಬರನ್ನೇ ಕರೆದು ಅಜ ಅಂದರೇನು ಎಂದು ಕೇಳಿದೆ. "ಅಂಗಡ್ಯಾಗ ಸಿಗತದೇನ್ರಿ?" ಎಂದ ಒಬ್ಬ. ಚಿತ್ರ ತೋರಿಸಿದರೆ "ಇದು ಆಡಲ್ರೀ!" ಎಂದು ನನ್ನನ್ನೇ ಪೆದ್ದಿಯಂತೆ ನೋಡಿದ. ಪಲಾಯನ ಒಬ್ಬರಿಗೂ ಗೊತ್ತಿರಲಿಲ್ಲ. ಮಿಸುಕಿತು ಎಂದಾಗ ಮಾತ್ರ ಎಲ್ಲರೂ ಮೈ ಅಲುಗಿಸಿ ತೋರಿಸಿದರು.

ಪ್ರಶ್ನೆಯ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಹಿಂದಿನ ಬಲಪುಟದ ಕೆಳಗೆ ಅಂಟಿಸಿದೆ. ಈಗ ಉತ್ತರ ಬೇಕೆಂದರೆ ಹಾಳೆ ತಿರುವಲೇಬೇಕು. ಉದ್ದ ಸಾಲನ್ನು ಕಡಿದು "ಆಡು ಹೆದರಿತು, ಓಡಿತು" ಎಂದು ಮಾಡಿದೆ.

ಮರುದಿನ ಅದನ್ನು ಓದಿದೆ. "ಒಳಗೆ ಯಾರು?" ಎಂದು ಹಾಳೆಯ ಮೂಲೆ ಹಿಡಿದು ನಿಂತೆ. ತಿರುವಿದೆ. ನಿನ್ನೆ ಎಲ್ಲವನ್ನೂ ನೋಡಿದ್ದ ಮಕ್ಕಳೇ, ಆದರೂ ತಡೆಯಲಾಗಲಿಲ್ಲ. ಆ ಹುಡುಗಿಯೇ ಮೊದಲು ಚೀರಿದಳು. ಹಿಂದೆಯೇ ಹತ್ತು ಹನ್ನೆರಡು ದನಿ ಎದ್ದವು.

ಹೆಡ್‌ಮಾಸ್ತರರು ಬೆತ್ತ ಎತ್ತಿ ಅವಳ ಕಡೆ ನುಗ್ಗಿದರು. ನಾನು ನಡುವೆ ಹೋದೆ. ಏಟು ನನ್ನ ಮಣಿಕಟ್ಟಿಗೆ ಬಿತ್ತು, ಬಳೆ ಒಡೆದು ಮಾಂಸಕ್ಕೆ ಹೊಕ್ಕಿತು. ಬೆತ್ತ ಕಸಿದು ಮೊಣಕಾಲಿಗೆ ಕೊಟ್ಟು ಮುರಿದೆ. ಮುರಿದ ತುಂಡನ್ನು ಅವರ ಮುಖಕ್ಕೆ ಎತ್ತಿದ್ದೆ ಎಂಬುದು ನನಗೆ ಗೊತ್ತಾಗಿದ್ದು ಮಕ್ಕಳು ಸುಮ್ಮನಾದಾಗ. ಎಲ್ಲರೂ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದರು, ಆ ಹುಡುಗಿಯೂ. ಅವಳು ಮುಚ್ಚಿಕೊಂಡಿದ್ದು ನನಗೆ ಹೆದರಿ.

ತುಂಡನ್ನು ಕಿಟಕಿಯಾಚೆ ಎಸೆದೆ.

"ಸಹಿ ಹೆಂಗ ತಗೋತೀಯೋ ನೋಡ್ತೀನಿ," ಎಂದು ಅವರು ಪುಸ್ತಕ ಕಸಿದು ನಡುಮಧ್ಯೆ ಹರಿದರು.

ಬಸ್ಸಿನಲ್ಲಿ ಸೆರಗು ಸುತ್ತಿದ ಕೈಯಲ್ಲೇ ವರದಿ ಬರೆದೆ. ಬುಟ್ಟಿಯ ಸಾಲು ಉತ್ತಮ, ಮಕ್ಕಳು ಎರಡನೇ ಸಲಕ್ಕೇ ಜೊತೆಗೂಡಿದರು ಎಂದೂ ಬರೆದೆ. ಅದು ನಿಜವಾಗಿತ್ತು. ಬೆತ್ತ ಬಿದ್ದದ್ದು, ನಾನು ಬೆತ್ತ ಎತ್ತಿದ್ದು, ಎರಡನ್ನೂ ಬರೆದೆ.

ಉಪನ್ಯಾಸಕರು ಓದಿ ಬೈದರು. "ಮಕ್ಕಳ ಮುಂದ ಕೈ ಎತ್ತೀದಿ ಅಂದ್ರ ನಿನಗೂ ಅವರಿಗೂ ಏನು ಫರಕು?" ಆದರೆ ಹರಿದ ಪುಸ್ತಕ ತರಿಸಿ ಹೊಲಿಸಿದರು. ಮುಂದಿನ ವಾರ ಅದನ್ನು ಹಿಡಿದು ನನ್ನ ಜೊತೆ ಆ ಶಾಲೆಗೆ ಬಂದು ತಾವೇ ಓದಿದರು. ಹೆಡ್‌ಮಾಸ್ತರರು ಬರಿಗೈಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಉಪನ್ಯಾಸಕರು "ಒಳಗೆ ಯಾರು?" ಎಂದು ಹಾಳೆಯ ಮೂಲೆ ಹಿಡಿದು ತಡೆದರು, ತಡೆದೇ ತಡೆದರು. ಬಾಗಿಲ ಕಡೆ ನೋಡಿದೆ. ಕಥೆ ಬರೆದ ಮನುಷ್ಯನೇ ಹೊಸ್ತಿಲು ದಾಟಿ ಕತ್ತು ಚಾಚಿದ್ದ.

ಹಾಳೆ ತಿರುಗಿತು. ಛಾವಣಿಯ ತಗಡು ನಡುಗುವಂತೆ ಮಕ್ಕಳು ಕೂಗಿದರು. ಯಾರೂ ಯಾರನ್ನೂ ಹೊಡೆಯಲಿಲ್ಲ.

ಹೆಡ್‌ಮಾಸ್ತರರು ನನ್ನ ಮುಖ ನೋಡದೆ ವರದಿಗೆ ಸಹಿ ಹಾಕಿದರು. ಪಕ್ಕದಲ್ಲಿ "ಅಕ್ಷರ ಚೆನ್ನಾಗಿಲ್ಲ" ಎಂದು ಬರೆದರು.

ಸರ್ಟಿಫಿಕೇಟ್ ಕೊಡುವ ದಿನ ದೊಡ್ಡಪ್ಪ ದೇವದುರ್ಗದ ಬಸ್ಸು ಹಿಡಿದು ಬಂದಿದ್ದ. ಒಗೆದ ಧೋತರ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದ. ಉಪನ್ಯಾಸಕರು ಕೊಟ್ಟ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ ಅವನ ಮುಂದೆ ನಿಂತೆ. ಕ್ವಾಣ ಈದಿತು ನೋಡು ಎನ್ನಬೇಕೆಂದು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ನೋಡಲಿಲ್ಲ, ಅದರ ಅಂಚಿನಲ್ಲಿದ್ದ ನನ್ನ ಎಡಗೈಯನ್ನು ನೋಡಿದ.

"ಬೆರಳು ಇನ್ನಾ ಸೊಟ್ಟನ ಅದಲ್ಲ ಬೇ," ಅಂದ.