ಹಸಿರು ಸೀರೆಗೆ ನಾನು ಬರೆದ ಸಾಲುಗಳು

ಜೇವರ್ಗಿಯ ಕಾಲೇಜಿನಲ್ಲಿ ಆ ವರ್ಷ ನನಗೆ ಅತಿಥಿ ಉಪನ್ಯಾಸಕಿಯ ಕೆಲಸ ಮತ್ತೆ ಸಿಗಲಿಲ್ಲ. ಹತ್ತು ವರ್ಷ ಹಳಗನ್ನಡದ ಪದ್ಯಗಳನ್ನು ಬಿಡಿಸಿ ಹೇಳಿದ ನಾನು, ಆಳಂದದ ಒಂದು ಬುಟೀಕಿನ ವಾಟ್ಸಾಪ್‌ಗೆ ಸೀರೆಗಳ ವರ್ಣನೆ ಬರೆಯುವವಳಾದೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ದೊಡ್ಡ ಕನ್ನಡಿ, ಕೈಯಿಲ್ಲದ ಒಂದು ಗೊಂಬೆ. ಬುಟೀಕು ಅಂದರೆ ಅಷ್ಟೇ. ಮಾಲಕಿ ನನಗಿಂತ ಚಿಕ್ಕವಳು, ಹತ್ತನೇ ತರಗತಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವಳು. ನನ್ನನ್ನು ಬಾಯಿತುಂಬ "ಮೇಡಂ" ಅನ್ನುತ್ತಿದ್ದಳು. ಅದೂ ನನಗೆ ಚುಚ್ಚುತ್ತಿತ್ತು.

ಕೆಲಸ ಹೀಗಿತ್ತು. ಬೆಳಿಗ್ಗೆ ಸೂರತ್ತಿನ ಸಗಟು ವ್ಯಾಪಾರಿಗಳ ಗುಂಪಿನಿಂದ ಫೋಟೋಗಳು ಬಂದು ಬೀಳುತ್ತಿದ್ದವು. ಜೊತೆಗೆ ಅವರದೇ ಇಂಗ್ಲಿಷಿನ ಒಕ್ಕಣೆ: ಪ್ಯೂರ್ ಸಾಫ್ಟ್ ಸಿಲ್ಕ್, ರಾಯಲ್ ಲುಕ್, ಲಿಮಿಟೆಡ್ ಸ್ಟಾಕ್. ನಾನು ಅದನ್ನು ಕನ್ನಡಕ್ಕೆ ತಂದು, ಸೀರೆಗೊಂದು ಹೆಸರಿಟ್ಟು, ಕ್ಯಾಟಲಾಗಿಗೆ ಏರಿಸಬೇಕು. ವಾಟ್ಸಾಪಿನವರು ಅದನ್ನು ಪರಿಶೀಲಿಸಿ ಒಪ್ಪಿಕೊಂಡ ಮೇಲೆ ಗಿರಾಕಿಗಳಿಗೆ ಕಾಣಿಸುತ್ತದೆ. ಆಮೇಲೆ ಅದೇ ಸೀರೆಗಳಲ್ಲಿ ಐದಾರನ್ನು ಆರಿಸಿ ಸ್ಟೇಟಸ್ಸಿಗೆ ಹಾಕಬೇಕು. ಇಪ್ಪತ್ತನಾಲ್ಕು ತಾಸಿಗೆ ಅಳಿಸಿಹೋಗುವ ಸಾಹಿತ್ಯ!

ಆ ಫೋಟೋಗಳಲ್ಲಿ ಒಬ್ಬಳೇ ಹುಡುಗಿ ಇರುತ್ತಿದ್ದಳು. ಸೊಂಟಕ್ಕೆ ಕೈಯಿಟ್ಟು, ಹಲ್ಲು ಕಾಣದಂತೆ ನಗುವವಳು. ಅವಳೇ ಅಫಜಲಪುರದ ಅಂಗಡಿಯ ಸ್ಟೇಟಸ್ಸಿನಲ್ಲೂ, ಜೇವರ್ಗಿಯ ಅಂಗಡಿಯ ಸ್ಟೇಟಸ್ಸಿನಲ್ಲೂ ಅದೇ ಸೀರೆ ಉಟ್ಟು ನಿಂತಿರುತ್ತಿದ್ದಳು. ಮೂರು ತಾಲೂಕಿನಲ್ಲೂ "ನಮ್ಮಲ್ಲಿ ಮಾತ್ರ" ಸಿಗುವ ಸೀರೆ. ನೋಡುವವರಿಗಾದರೂ ನಾಚಿಕೆಯಾಗಬೇಡವೇ? ಅವರು ನೋಡುತ್ತಿದ್ದರು, ನೋಡಿ ಎರಡೇ ಇಂಗ್ಲಿಷ್ ಅಕ್ಷರ ಕಳಿಸುತ್ತಿದ್ದರು: ಪಿ.ಪಿ. ಪ್ರೈಸ್ ಪ್ಲೀಸ್ ಎಂದು ಪೂರ್ತಿ ಬರೆಯಲೂ ಮೈಭಾರ. ಅದಕ್ಕೆ ಕಾರಣ ಮಾಲಕಿಯೇ. ಕ್ಯಾಟಲಾಗಿನಲ್ಲಿ ಬೆಲೆಯ ಜಾಗವನ್ನು ಆಕೆ ಬೇಕೆಂದೇ ಖಾಲಿ ಬಿಡಿಸುತ್ತಿದ್ದಳು.

"ಬೆಲಿ ಕೇಳಾಕರೆ ಮೆಸೇಜ್ ಮಾಡ್ತಾರಲ್ರಿ ಮೇಡಂ. ಬೆಲಿ ಬರದ್ರ ಯಾಕ ಮಾತಾಡ್ಸ್ತಾರ?" ಅನ್ನುತ್ತಿದ್ದಳು.

ಸೂರತ್ತಿನವರ ಸುಳ್ಳನ್ನು ನಾನು ನನ್ನ ಚೆಂದದ ಕನ್ನಡದಲ್ಲಿ ಬರೆಯುತ್ತಿದ್ದೆ, ಅದೇ ನನ್ನ ಸಂಕಟ. ಒಂದು ಕಡುಹಸಿರು ಸೀರೆಗೆ ಹೀಗೆ ಬರೆದಿದ್ದೆ: "ಶುದ್ಧ ರೇಷ್ಮೆ. ಎಳೆ ಜೋಳದ ಗರಿಯ ಹಸಿರು, ಸೆರಗಿನ ತುಂಬ ಬಂಗಾರದ ಬುಟ್ಟಾ. ಕುಬಸಕ್ಕೆ ತವರಿನ ಹರಕೆಯಂತೆ ಒಪ್ಪುವ ಸೀರೆ." ಬರೆದು ನಾನೇ ಎರಡು ಸಲ ಓದಿಕೊಂಡೆ. ಮಾಲಕಿ ಓದದೆಯೇ "ಭಾರಿ ಆಗ್ಯದ್ರಿ" ಅಂದಳು.

ಆ ಸೀರೆ ಎರಡು ಬಂದಿದ್ದವು. ಒಂದನ್ನು ಖಜೂರಿಯ ಒಬ್ಬ ತಾಯಿ ತೆಗೆದುಕೊಂಡಳು. ಮಗಳಿಗೆ ಏಳನೇ ತಿಂಗಳು, ಸೀಮಂತದ ಕುಬಸ ಗಂಡನ ಮನೆಯಲ್ಲಿ, ಅತನೂರಿನಲ್ಲಿ. ನಮ್ಮ ಕಡೆ ಕುಬಸಕ್ಕೆ ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ಯಬೇಕು. ಬಸುರಿಯನ್ನು ಆ ಸೀರೆಯಲ್ಲೇ ಕೂರಿಸಿ ಉಡಿ ತುಂಬಬೇಕು. ಒಯ್ಯುವ ಮೊದಲು ಬೀಗತಿಯ ಒಪ್ಪಿಗೆಯೂ ಬೇಕು. ಮಾಲಕಿ ಕ್ಯಾಟಲಾಗಿನಿಂದ ಆ ಸೀರೆಯ ಕಾರ್ಡನ್ನು ಆ ತಾಯಿಯ ಫೋನಿಗೆ ಕಳಿಸಿದಳು. ಆಕೆ ಅದನ್ನು ಅಲ್ಲೇ ನಿಂತು ಅತನೂರಿನ ಬೀಗತಿಗೆ ದಾಟಿಸಿದಳು. ಹತ್ತು ನಿಮಿಷಕ್ಕೆ ಬೀಗತಿಯ ಧ್ವನಿಸಂದೇಶ ಬಂತು: "ಬಣ್ಣ ಚಂದ ಅದ. ರೇಷ್ಮಿ ಅಂತ ಬರದಾರಲ್ಲ, ಛಲೋ ಆಯ್ತು, ತಗೋರಿ."

ಆ ತಾಯಿಯ ಮುಖ ಅರಳಿತು. ಸೀರೆಯ ಚೀಲವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದಳು. ಎಂಥ ಮರುಳು ಹೆಂಗಸು ಎಂದುಕೊಂಡೆ. ಆಮೇಲೆ ಬೀಗತಿಯೂ ಕುಪ್ಪಸದ ಬಟ್ಟೆ ಸೀರೆಯಲ್ಲೇ ಇದೆಯೋ ಇಲ್ಲವೋ ಎಂದು ಅಂಗಡಿಗೇ ಕೇಳಿ ಬರೆದಳು. ಮಾಲಕಿ ಆ ನಂಬರನ್ನು "ಅತನೂರ ಬೀಗತಿ" ಎಂದು ಉಳಿಸಿಕೊಂಡಳು. ಎಲ್ಲರನ್ನೂ ಹೀಗೆ ಊರು, ಕಾರ್ಯದ ಲೆಕ್ಕದಲ್ಲೇ ಉಳಿಸಿಕೊಳ್ಳುವುದು ಆಕೆಯ ರೂಢಿ.

ಮುಂದಿನ ವಾರ ಮಾಲಕಿ ಮೂರು ದಿನಕ್ಕೆ ಸೊಲ್ಲಾಪುರಕ್ಕೆ ಖರೀದಿಗೆ ಹೋದಳು. ಅಂಗಡಿಯ ಫೋನನ್ನು ನನ್ನ ಕೈಗೆ ಕೊಟ್ಟಳು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಉಳಿದಿದ್ದ ಹಸಿರು ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗಟ್ಟಿ ಮಣಿಯಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ನಾಚಿಕೆಯಾಗುತ್ತದೆ ಹೇಳಲು. ಇವರೆಲ್ಲರ ಯೋಗ್ಯತೆ ಆ ಮಣಿಯಲ್ಲಿ ಇತ್ತು ಅನ್ನಿಸಿತು.

ಕೂತು ಇಡೀ ಕ್ಯಾಟಲಾಗನ್ನು ತಿದ್ದಿದೆ. ಒಂದೊಂದು ಸೀರೆಯನ್ನೂ ತೆರೆದು "ಶುದ್ಧ ರೇಷ್ಮೆ" ಅಳಿಸಿದೆ. ಖಾಲಿ ಬಿಟ್ಟಿದ್ದ ಬೆಲೆಗಳನ್ನೆಲ್ಲ ತುಂಬಿದೆ. ಹಸಿರು ಸೀರೆಗೆ ಬರೆದೆ: "ಇದು ರೇಷ್ಮೆಯಲ್ಲ, ಪಾಲಿಯೆಸ್ಟರ್. ಬುಟ್ಟಾ ಬಂಗಾರದ ಜರಿಯಲ್ಲ. ನೋಡಲು ಚೆಂದ, ಅಷ್ಟೇ." ಅದು ಸಾಲದು ಎಂದು ಅದೇ ಸೀರೆಯ ಫೋಟೋ ಇಟ್ಟು ಸ್ಟೇಟಸ್ಸನ್ನೂ ಹಾಕಿದೆ: "ಇಂದಿನಿಂದ ನಮ್ಮ ಅಂಗಡಿಯಲ್ಲಿ ಸುಳ್ಳಿಲ್ಲ." ಸಂಜೆಯೊಳಗೆ ಯಾವತ್ತೂ ಇಲ್ಲದಷ್ಟು ಜನ ನೋಡಿದ್ದರು. ನೋಡಿದವರ ಪಟ್ಟಿಯನ್ನು ಬೆರಳಿನಿಂದ ಸರಿಸುತ್ತ ಹೋದೆ. ಆಳಂದದ ಶಾಲೆಯ ಟೀಚರುಗಳು, ಹವಳಗಾದ ಇಬ್ಬರು, ಅತನೂರ ಬೀಗತಿ. ಓದಲಿ, ಇವರಿಗೂ ಬುದ್ಧಿ ಬರಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವುದಕ್ಕೆ ಮೊದಲೇ ಖಜೂರಿಯ ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಫೋನನ್ನು ನನ್ನ ಮುಂದೆ ಹಿಡಿದಳು. ತಾನು ಬೀಗತಿಗೆ ಕಳಿಸಿದ್ದ ಅದೇ ಕಾರ್ಡು. ಒತ್ತಿದರೆ ತೆರೆಯುತ್ತಿದ್ದುದು ನನ್ನ ಹೊಸ ಸಾಲುಗಳು, ಕೆಳಗೆ ಬೆಲೆ. ಕ್ಯಾಟಲಾಗಿನ ಗುಣವೇ ಅದು, ಇಲ್ಲಿ ತಿದ್ದಿದರೆ ಅಲ್ಲಿಯೂ ತಿದ್ದಿದ್ದೇ ಕಾಣುತ್ತದೆ. ತಿದ್ದುವಾಗ ನನಗದು ಗೊತ್ತಿತ್ತು. ನೆನಪಿಗೆ ಬಂದಿರಲಿಲ್ಲ, ಯಾಕೆಂದರೆ ಆ ತಾಯಿಯೇ ನೆನಪಿಗೆ ಬಂದಿರಲಿಲ್ಲ.

"ನಮ್ಮ ಬೀಗತಿ ಫೋನ್ ಮಾಡಿದ್ದಳ್ರಿ ಮೇಡಂ. ನಿಮ್ಮ ಅಂಗಡಿಯವರೇ ರೇಷ್ಮಿ ಅಲ್ಲಂತ ಹಾಕ್ಯಾರ, ಬೆಲಿನೂ ಹಾಕ್ಯಾರ ನೋಡ್ರಿ ಅಂದಳು. ನಾಳಿಗೆ ಕುಬಸ ಅದ."

"ಅದು ರೇಷ್ಮಿ ಅಲ್ಲೇ ಅಲ್ರಿ. ನಿಮಗ ಮೋಸ ಆಗಬಾರದಂತ ಬರದೇನಿ," ಅಂದೆ.

"ನನಗೆಲ್ಲಿ ಮೋಸ ಆಗಿತ್ರಿ?" ಆಕೆ ದನಿ ಏರಿಸಲಿಲ್ಲ. "ಅಷ್ಟು ರೊಕ್ಕಕ್ಕ ಖರೆ ರೇಷ್ಮಿ ಯಾರು ಕೊಡ್ತಾರ? ಅಷ್ಟು ತಿಳಿಯಂಗಿಲ್ಲೇನ್ರಿ ನನಗ? ಬೀಗತಿಗೂ ತಿಳದಿರಬೇಕು. ಆದ್ರ ಅಕಿ ಬಾಯಿ ಬಿಡಂಗಿರಲಿಲ್ಲ. ನೀವು ಬರದು ಅಕಿ ಕೈಯಾಗ ಕೊಟ್ರಿ."

ನಾನು ಬಾಗಿಲು ತೆರೆದು ಆಕೆಯನ್ನು ಒಳಗೆ ಕೂರಿಸಿ ಅಂಗಡಿಯ ಫೋನನ್ನು ಕೈಗೆತ್ತಿಕೊಂಡೆ.

"ಇನ್ನೊಮ್ಮೆ ಬರೀರಿ," ಅಂದಳು. "ಮೊದಲು ಹ್ಯಾಂಗ ಬರದಿದ್ರಿ, ಹಂಗ. ನನ್ನ ಮಗಳು ನನ್ನ ಸೀರಿ ಉಟ್ಟು ಕುಂದರ್ಲಿ. ಅಷ್ಟ ಸಾಕು."

ಬರೆದೆ. ಬೆಲೆ ತೆಗೆದೆ. ಜೋಳದ ಗರಿಯನ್ನೂ ತವರಿನ ಹರಕೆಯನ್ನೂ ಮತ್ತೆ ತಂದೆ. ಹಿಂದಿನ ಸ್ಟೇಟಸ್ಸನ್ನು ಅಳಿಸಿದೆ. ಹೊಸದನ್ನು ಹಾಕಿದೆ: "ನಿನ್ನೆ ತಪ್ಪು ಸೀರೆಯ ಫೋಟೋ ಹೋಗಿತ್ತು, ಕ್ಷಮಿಸಿ. ಈ ಹಸಿರು ಸೀರೆ ಶುದ್ಧ ರೇಷ್ಮೆ." ಸುಳ್ಳು ಬರೆಯುವಾಗ ಆವತ್ತು ಮಾತ್ರ ನನಗೆ ಹೇಸಿಗೆಯಾಗಲಿಲ್ಲ. ಆಕೆ ನನ್ನ ಪಕ್ಕದಲ್ಲೇ ಕೂತು, ನನಗೆ ಕೇಳುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಛಲೋ ಆಗ್ಯದ್ರಿ," ಎಂದು ಬಸ್ಸಿಗೆ ಹೊರಟುಹೋದಳು.

ಆ ದಿನವೆಲ್ಲ ನಾನು ನೋಡಿದವರ ಪಟ್ಟಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಟೀಚರುಗಳು ನೋಡಿದರು. ಹವಳಗಾದವರು ನೋಡಿದರು. ಸೀರೆಗೆ ಸಂಬಂಧವೇ ಇಲ್ಲದ ಗಂಡಸರು ನೋಡಿ ನಗುವ ಮುಖಗಳನ್ನು ಕಳಿಸಿದರು. ಎಷ್ಟು ಸಲ ತೆರೆದರೂ ಅತನೂರ ಬೀಗತಿ ಮಾತ್ರ ಆ ಪಟ್ಟಿಗೆ ಬರಲಿಲ್ಲ. ಆಕೆಗೆ ಬೇಕಾದದ್ದು ಮೊದಲನೆಯದರಲ್ಲೇ ಸಿಕ್ಕಿತ್ತು.

ಸಂಜೆ ಸೊಲ್ಲಾಪುರದಿಂದ ಬಂದ ಮಾಲಕಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ವಾಸಿಯಾಗಿತ್ತು. ಗಂಟು ಬಿಚ್ಚುತ್ತ ಆಕೆ ಅಂದಳು: "ನೀವು ಬರದಿದ್ದು ಖರೇನ ಅದ್ರಿ ಮೇಡಂ. ಆದ್ರ ಖರೆ ಕೇಳಿದ್ದು ಯಾರ್ರಿ?" ಹತ್ತನೇ ತರಗತಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವಳು.

ಮರುದಿನ ಮಧ್ಯಾಹ್ನ ಅಂಗಡಿಯ ಫೋನಿಗೆ ಖಜೂರಿಯ ತಾಯಿಯಿಂದ ಒಂದು ಫೋಟೋ ಬಂತು. ಮಗಳು ಮಣೆಯ ಮೇಲೆ ಕೂತಿದ್ದಾಳೆ. ಮುಡಿ ತುಂಬ ಹೂವು, ಕೈತುಂಬ ಹಸಿರು ಬಳೆ. ಉಟ್ಟಿರುವ ಸೀರೆಯೂ ಹಸಿರೇ, ಆದರೆ ನಮ್ಮದಲ್ಲ. ಅತ್ತೆಯ ಮನೆಯವರು ತಂದದ್ದಿರಬೇಕು. ನಮ್ಮ ಸೀರೆ ಪಕ್ಕದ ಹರಿವಾಣದಲ್ಲಿ, ಕೊಬ್ಬರಿ ಬಟ್ಟಲು ಬಾಳೆಹಣ್ಣುಗಳ ಕೆಳಗೆ ಮಡಿಕೆ ಬಿಚ್ಚದೆ ಇತ್ತು. ಅಂಗಡಿಯ ಪ್ಲಾಸ್ಟಿಕ್ ಕವರನ್ನೂ ಯಾರೂ ತೆಗೆದಿರಲಿಲ್ಲ.

ಫೋಟೋದ ಕೆಳಗೆ ಆಕೆಯ ಧ್ವನಿ ಇತ್ತು. ಹಿಂದೆ ಹೆಂಗಸರು ಹಾಡುತ್ತಿದ್ದರು.

"ಮೇಡಂ, ತಾಟಿನಾಗ ನಮ್ಮ ಸೀರಿ ಕಾಣ್ತದ ನೋಡ್ರಿ. ಅದರ ಮ್ಯಾಲ ಏನರ ಚಂದಾಗಿ ಬರದು ನಿಮ್ಮ ಸ್ಟೇಟಸ್ಸಿಗೆ ಹಾಕ್ರಿ. ನಮ್ಮ ಓಣಿಯವರು ನೋಡ್ತಾರ."

ಮಾಲಕಿ ಫೋನನ್ನು ನನ್ನ ಮುಂದೆ ಇಟ್ಟಳು. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಜೋಳದ ಗರಿ ಬರಲಿಲ್ಲ, ಹರಕೆ ಬರಲಿಲ್ಲ, ಓದಿದ ಯಾವ ಪದ್ಯವೂ ಬರಲಿಲ್ಲ. ಕೊನೆಗೆ ಫೋಟೋದಲ್ಲಿ ಹರಿವಾಣವಷ್ಟೇ ಉಳಿಯುವಂತೆ ಕತ್ತರಿಸಿ, ಅದರ ಕೆಳಗೆ "ಖಜೂರಿಯ ತವರಿನಿಂದ, ಕುಬಸದ ಸೀರೆ" ಎಂದು ಬರೆದು ಹಾಕಿದೆ. ರೇಷ್ಮೆ ಹೌದೋ ಅಲ್ಲವೋ ಬರೆಯಲಿಲ್ಲ. ಅದನ್ನು ಮೊದಲು ನೋಡಿದವಳು ಆ ತಾಯಿ.