ಒಂದೇ ಪರದೆಯಲ್ಲಿ ಎರಡು ತಾಲ್ಲೂಕು

ಶಿವಗಂಗಾ ಕಲ್ಲೂರಿನವಳು. ರಾಯಚೂರಿನ ಮಣ್ಣು ಪರೀಕ್ಷೆ ಕಂಪನಿಯೊಂದರಲ್ಲಿ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಹೊಲಗಳ ವರದಿಗಳನ್ನು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿ ನಕ್ಷೆ ಮಾಡುವುದು ಅವಳ ಕೆಲಸ. ಆದರೆ ಕಂಪನಿ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಊರನ್ನು ನೋಡಬಹುದಿತ್ತು. ಎಲ್ಲವನ್ನೂ ಒಟ್ಟಿಗೆ ತೆರೆದರೆ ಅದು ನಿಂತುಬಿಡುತ್ತಿತ್ತು.

ಕೊನೆಗೆ ಅವಳು ಮ್ಯಾನೇಜರ್ ವಾದಿರಾಜರಿಗೆ ಪತ್ರ ಬರೆದಳು: “ಈ ಲ್ಯಾಪ್‌ಟಾಪಿನ ಮೆಮೊರಿ ನಾಲ್ಕೇ ಜಿಬಿ. ಡಿಸ್ಕ್ ಕೆಡುತ್ತಿದೆ ಎಂಬ ಎಚ್ಚರಿಕೆಯೂ ಬರುತ್ತಿದೆ. ಎರಡೂ ತಾಲ್ಲೂಕಿನ ನಕ್ಷೆ ಮಾಡಲು ಮೂವತ್ತೆರಡು ಜಿಬಿ ಮೆಮೊರಿ, ವೇಗದ ಎಸ್‌ಎಸ್‌ಡಿ ಡಿಸ್ಕ್ ಇರುವ ಲ್ಯಾಪ್‌ಟಾಪ್ ಕೊಡಿಸಬೇಕಾಗಿ ವಿನಂತಿ.”

ವಾದಿರಾಜರು ಪತ್ರ ಹಿಡಿದುಕೊಂಡೇ ಅವಳ ಮೇಜಿನ ಬಳಿ ಬಂದರು. “ಹೊಸದಾ ಯಾಕ್ರಿ? ಇದಕ್ಕಾ ಮೆಮೊರಿ ಹಾಕಿಸಿದ್ರ ಸಾಲಂಗಿಲ್ಲೇನು?”

“ಇದು ಎಂಟು ಜಿಬಿ ಮ್ಯಾಲ ತಗೊಳ್ಳಂಗಿಲ್ರಿ ಸರ್. ನೀವಾ ನೋಡ್ರಿ,” ಎಂದು ಅವಳು ಎಲ್ಲ ಊರುಗಳ ಫೈಲ್ ಒಟ್ಟಿಗೇ ತೆರೆದಳು. ಪರದೆ ಬೆಳ್ಳಗಾಗಿ ಹಾಗೇ ನಿಂತಿತು. ಕಾದು ಸಾಕಾದ ವಾದಿರಾಜರು ಅಂದೇ ಶಿಫಾರಸು ಬರೆದು ಮುಖ್ಯ ಕಚೇರಿಗೆ ಕಳಿಸಿದರು.

ಹೊಸದು ಬಂದ ದಿನ ಶಿವಗಂಗಾ ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಹಾಕಿಕೊಂಡು ನಕ್ಷೆ ತೆರೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾವಿರಾರು ಹೊಲಗಳು ಬಣ್ಣ ತಳೆದವು. ಕಾಲುವೆಗಳ ಬದಿಯ ತಗ್ಗುಗಳುದ್ದಕ್ಕೂ ಉಪ್ಪೇರಿದ ಸವಳು ನೆಲ ಕೆಂಪಗೆ ಹರಡಿತ್ತು, ಊರಿಂದ ಊರಿಗೆ, ಎಲ್ಲೂ ಕಡಿಯದೆ. ಬಿಡಿಬಿಡಿಯಾಗಿ ನೋಡುತ್ತಿದ್ದಾಗ ಅದು ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿತ್ತು. ಅವಳು ಬೆರಳಿನಿಂದ ಆ ಕೆಂಪನ್ನು ಪರದೆಯ ತುದಿಯವರೆಗೂ ಹಿಂಬಾಲಿಸಿದಳು.

“ಯಪ್ಪಾ, ಇದೆಲ್ಲಾ ಒಂದಾ ಅದ ಏನ್ರಿ?” ಎಂದರು ವಾದಿರಾಜರು ಹಿಂದಿನಿಂದ.

“ಹೌದ್ರಿ ಸರ್,” ಎಂದಳು. ಪರದೆಯಿಂದ ಕಣ್ಣು ಕೀಳಲು ಇಬ್ಬರಿಗೂ ಆಗಲಿಲ್ಲ.